ಎರಡು ಅಕ್ಷದ ಚಾರ್ಟ್: ಜೊತೆಯಾಗಿ ಏರುತ್ತಿದ್ದ ಗೆರೆಗಳು ಡಿಸೆಂಬರ್‌ನಲ್ಲಿ ದೂರವಾದದ್ದೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ಮನೆಮನೆಗೆ ದಿನಸಿ ತಲುಪಿಸುವ ಸಣ್ಣ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್ ಆಗಿದ್ದೇನೆ. ಜುಲೈಯಿಂದ ಪ್ರತಿ ತಿಂಗಳ ಮೀಟಿಂಗಿನಲ್ಲೂ ಎಕ್ಸೆಲ್‌ನ ಒಂದೇ ಚಾರ್ಟ್ ತೋರಿಸುತ್ತಿದ್ದೇನೆ. ಎಡ ಅಕ್ಷದಲ್ಲಿ ಡಿಸ್ಕೌಂಟಿಗೆ ಹೋದ ಹಣ, ಬಲ ಅಕ್ಷದಲ್ಲಿ ಆರ್ಡರ್‌ಗಳ ಸಂಖ್ಯೆ. ಎರಡೂ ಗೆರೆ ಹೆಣೆದುಕೊಂಡು ಏರುತ್ತಿದ್ದವು. ಅದನ್ನು ನೋಡಿಯೇ ಆಗಸ್ಟ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಜೆಟ್ ಹೆಚ್ಚಿಸಿದರು. ಸೆಪ್ಟೆಂಬರ್‌ನಲ್ಲಿ ಎರಡು ಹೊಸ ಬಡಾವಣೆಗಳಿಗೂ ಡೆಲಿವರಿ ಶುರು ಮಾಡಿದೆವು. ಡಿಸೆಂಬರ್‌ನಲ್ಲಿ ಗೋದಾಮು ಬದಲಿಸುವಾಗ ಕೆಲವು ದಿನ ಆರ್ಡರ್ ತೆಗೆದುಕೊಂಡಿರಲಿಲ್ಲ. ಆ ತಿಂಗಳ ಅಂಕಿ ಸೇರಿಸಿದ ಕೂಡಲೇ ಹಿಂದಿನ ಎಂಟೂ ತಿಂಗಳ ಆರ್ಡರ್ ಗೆರೆ ಮೇಲಕ್ಕೆ ಹೋಗಿ ಚಪ್ಪಟೆಯಾಗಿಬಿಟ್ಟಿತು. ಹಳೆಯ ಅಂಕಿಗಳನ್ನು ನಾನು ಮುಟ್ಟಿಲ್ಲ. ಫೈಲ್ ಕೆಟ್ಟಿದೆಯೇ? ಇಷ್ಟು ದಿನ ನೋಡಿದ್ದು ಸುಳ್ಳೇ? ಡಿಸ್ಕೌಂಟ್ ದಂಡವಾಯಿತೇ? ಚಾರ್ಟ್ ಮಾಡಿದವಳು ನಾನೇ, ಟೀಮಿಗೆ ಹೇಗೆ ಹೇಳಲಿ?

| ತಿಂಗಳು | ಡಿಸ್ಕೌಂಟ್ (ಲಕ್ಷ ರೂ.) | ಆರ್ಡರ್ |
|---|---|---|
| ಏಪ್ರಿಲ್ | 10 | 41,200 |
| ಮೇ | 12 | 42,100 |
| ಜೂನ್ | 16 | 42,400 |
| ಜುಲೈ | 18 | 43,200 |
| ಆಗಸ್ಟ್ | 22 | 43,600 |
| ಸೆಪ್ಟೆಂಬರ್ | 23 | 44,700 |
| ಅಕ್ಟೋಬರ್ | 27 | 44,900 |
| ನವೆಂಬರ್ | 28 | 45,900 |
| ಡಿಸೆಂಬರ್ | 25 | 37,900 |

ಉತ್ತರ: ಫೈಲ್ ಕೆಟ್ಟಿಲ್ಲ, ಅಂಕಿಗಳೂ ಸರಿಯಾಗಿಯೇ ಇವೆ. ಬದಲಾದದ್ದು ಬಲ ಅಕ್ಷದ ಗಡಿ ಮಾತ್ರ. ಅದನ್ನು ಬದಲಿಸಿದ್ದು ಎಕ್ಸೆಲ್, ಯಾರನ್ನೂ ಕೇಳದೆ.

ಅಕ್ಷ ಎಲ್ಲಿಂದ ಶುರುವಾಗಬೇಕು ಎಂದು ನೀವು ಹೇಳದಿದ್ದರೆ ಎಕ್ಸೆಲ್ ತಾನೇ ಒಂದು ಲೆಕ್ಕ ಹಾಕುತ್ತದೆ. ಗೆರೆ ಚಾರ್ಟಿನಲ್ಲಿ ಅಂಕಿಗಳೆಲ್ಲ ಧನಾತ್ಮಕವಾಗಿದ್ದಾಗ, ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರವನ್ನು ದೊಡ್ಡ ಅಂಕಿಯಿಂದ ಭಾಗಿಸುತ್ತದೆ. ಉತ್ತರ ಆರನೇ ಒಂದು ಭಾಗಕ್ಕಿಂತ, ಅಂದರೆ ಸುಮಾರು 16.67%ಗಿಂತ ಹೆಚ್ಚಿದ್ದರೆ ಅಕ್ಷ ಸೊನ್ನೆಯಿಂದ ಶುರು. ಕಡಿಮೆ ಇದ್ದರೆ ಸೊನ್ನೆಯನ್ನು ಬಿಟ್ಟು, ಚಿಕ್ಕ ಅಂಕಿಗಿಂತ ಸ್ವಲ್ಪ ಕೆಳಗಿನಿಂದ ಶುರು. ಎಡ ಬಲ ಎರಡೂ ಅಕ್ಷಗಳಿಗೆ ಈ ಲೆಕ್ಕ ಬೇರೆ ಬೇರೆಯಾಗಿ ನಡೆಯುತ್ತದೆ. ಒಂದು ಅಕ್ಷಕ್ಕೆ ಇನ್ನೊಂದರ ಸುದ್ದಿಯೇ ತಿಳಿಯದು.

ನವೆಂಬರ್‌ವರೆಗಿನ ನಿಮ್ಮ ಅಂಕಿಗಳಿಗೆ ಇದನ್ನು ಹಾಕಿ ನೋಡೋಣ. ಡಿಸ್ಕೌಂಟ್ 10ರಿಂದ 28ಕ್ಕೆ ಏರಿದೆ, ಅಂತರ 64%. ಹಾಗಾಗಿ ಎಡ ಅಕ್ಷ ಸೊನ್ನೆಯಿಂದ 30ರವರೆಗೆ. ಆರ್ಡರ್ 41,200ರಿಂದ 45,900ಕ್ಕೆ ಏರಿದೆ, ಅಂತರ 10% ಚಿಲ್ಲರೆ. ಹಾಗಾಗಿ ಬಲ ಅಕ್ಷ ಸೊನ್ನೆಯನ್ನು ಬಿಟ್ಟು 38,000ದಿಂದ 47,000ದವರೆಗೆ ನಿಂತಿರುತ್ತದೆ. (ಚಾರ್ಟನ್ನು ಎಳೆದು ದೊಡ್ಡದು ಚಿಕ್ಕದು ಮಾಡಿದರೆ ಈ ಗಡಿ ಕೊಂಚ ಆಚೀಚೆ ಆಗುವುದುಂಟು.) ಈಗ ಪರದೆಯ ಮೇಲೆ ಆಗುವುದನ್ನು ಗಮನಿಸಿ. ಏಪ್ರಿಲ್‌ನಲ್ಲಿ ಡಿಸ್ಕೌಂಟ್ ಬಿಂದು ಚಾರ್ಟಿನ ಎತ್ತರದ 33%ರಲ್ಲಿ ಕೂರುತ್ತದೆ, ಆರ್ಡರ್ ಬಿಂದು 36%ರಲ್ಲಿ. ನವೆಂಬರ್‌ನಲ್ಲಿ ಒಂದು 93%, ಇನ್ನೊಂದು 88%. 180% ಏರಿದ್ದೂ 11% ಏರಿದ್ದೂ ಕಣ್ಣಿಗೆ ಒಂದೇ ಏಣಿ ಹತ್ತಿದಂತೆ ಕಂಡದ್ದು ಹೀಗೆ. ಮೋಸ ಮಾಡಬೇಕೆಂದು ಯಾರೂ ಅಕ್ಷವನ್ನು ತಿರುಚಿಲ್ಲ. ಏನೂ ಮುಟ್ಟದೆ ಬಿಟ್ಟರೂ ಇದೇ ಚಿತ್ರ ಬರುತ್ತಿತ್ತು.

ಡಿಸೆಂಬರ್‌ನ 37,900 ಸೇರಿದಾಗ ಅಂತರ 8,000 ಆಯಿತು. 45,900ಕ್ಕೆ ಅದು 17.4%, ಗಡಿ ದಾಟಿತು. ಬಲ ಅಕ್ಷದ ಬುಡ ಒಮ್ಮೆಗೇ 38,000ದಿಂದ ಸೊನ್ನೆಗೆ ಇಳಿಯಿತು, ತುದಿ 50,000ಕ್ಕೆ ಹೋಯಿತು. ಹಳೆಯ ಎಂಟು ಬಿಂದುಗಳೂ ಚಾರ್ಟಿನ ಮೇಲ್ಭಾಗದಲ್ಲಿ, 82%ಗೂ 92%ಗೂ ನಡುವಿನ ಪಟ್ಟಿಯಲ್ಲಿ ಸಾಲಾಗಿ ನಿಂತವು. ಡಿಸೆಂಬರ್‌ನಲ್ಲಿ 38,500 ಆರ್ಡರ್ ಬಂದಿದ್ದರೆ ಅಂತರ ಶೇಕಡಾ 16ರ ಆಸುಪಾಸಿನಲ್ಲೇ ಉಳಿಯುತ್ತಿತ್ತು. ಚಾರ್ಟ್ ಹಳೆಯ ವೇಷದಲ್ಲೇ ಇರುತ್ತಿತ್ತು, ನಿಮಗೂ ಅನುಮಾನ ಬರುತ್ತಿರಲಿಲ್ಲ.

ಬೇರೆ ಫೈಲ್‌ಗಳಲ್ಲೂ ಹೀಗಾಗಿದೆಯೇ ಎಂದು ನೋಡಲು ಒಂದು ಸೂತ್ರ ಸಾಕು:

```
=(MAX(C2:C9)-MIN(C2:C9))/MAX(C2:C9)
```

ಉತ್ತರ 0.1667ಕ್ಕಿಂತ ಕಡಿಮೆ ಬಂದ ಗೆರೆಗಳೆಲ್ಲ ಸೊನ್ನೆಯಿಲ್ಲದ ಅಕ್ಷದ ಮೇಲೆ ನಿಂತಿರುವ ಸಾಧ್ಯತೆ ಹೆಚ್ಚು. ಖಚಿತ ಮಾಡಿಕೊಳ್ಳಲು ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ `Format Axis` ತೆರೆಯಿರಿ. `Bounds` ಅಡಿಯಲ್ಲಿ `Minimum` ಪಕ್ಕ `Auto` ಎಂದಿದ್ದರೆ ಗಡಿಯನ್ನು ಎಕ್ಸೆಲ್ ನಿರ್ಧರಿಸಿದೆ, `Reset` ಎಂದಿದ್ದರೆ ಯಾರೋ ಕೈಯಾರೆ ಬರೆದಿದ್ದಾರೆ.

ಇಷ್ಟು ತಿಳಿದ ಮೇಲೆ ಬಹಳ ಜನ ಹೇಳುವ ಪರಿಹಾರ, ‘ಎರಡೂ ಅಕ್ಷವನ್ನು ಸೊನ್ನೆಯಿಂದ ಶುರು ಮಾಡಿಬಿಡಿ’. ಅದರಿಂದ ಅರ್ಧ ಕೆಲಸ ಆಗುತ್ತದೆ. ಪ್ರತಿ ಗೆರೆಯೂ ತನ್ನ ಮಟ್ಟಿಗೆ ಎಷ್ಟು ಪಟ್ಟು ಏರಿದೆ ಎಂಬುದು ಸರಿಯಾಗಿ ಕಾಣುತ್ತದೆ. ಆದರೆ ಎರಡು ಗೆರೆಗಳ ನಡುವಿನ ಸಂಬಂಧ ಆಗಲೂ ನಮ್ಮ ಕೈಯಲ್ಲೇ ಇರುತ್ತದೆ. ಬಲ ಅಕ್ಷದ ತುದಿಯನ್ನು 50,000ದಿಂದ 2,00,000ಕ್ಕೆ ಬದಲಿಸಿ ನೋಡಿ. ಹೆಚ್ಚಿನ ತಿಂಗಳುಗಳಲ್ಲಿ ಮೇಲಿದ್ದ ಆರ್ಡರ್ ಗೆರೆ ಪೂರ್ತಿಯಾಗಿ ಡಿಸ್ಕೌಂಟ್ ಗೆರೆಯ ಕೆಳಕ್ಕೆ ಬರುತ್ತದೆ. 70,000 ಮಾಡಿದರೆ ಜುಲೈ ಆಸುಪಾಸಿನಲ್ಲಿ ಎರಡೂ ಗೆರೆ ಒಂದನ್ನೊಂದು ದಾಟುತ್ತವೆ. ಮೀಟಿಂಗಿನಲ್ಲಿ ಯಾರಾದರೂ ‘ಜುಲೈನಲ್ಲಿ ಏನೋ ತಿರುವು ಬಂದಿದೆ’ ಎಂದು ಖಂಡಿತ ಹೇಳುತ್ತಾರೆ. ಲಕ್ಷ ರೂಪಾಯಿಯೂ ಆರ್ಡರ್ ಸಂಖ್ಯೆಯೂ ಸಮನಾಗುವ ಜಾಗ ಎಂಬುದೇ ಇಲ್ಲವಾದ್ದರಿಂದ ಆ ದಾಟುವಿಕೆಗೆ ಅರ್ಥವಿಲ್ಲ. ಗೆರೆಗಳ ನಡುವಿನ ಅಂತರಕ್ಕೂ ಇದೇ ಮಾತು. ಎರಡು ಅಕ್ಷದ ಯಾವ ಚಾರ್ಟನ್ನಾದರೂ ಹೀಗೆ ಪರೀಕ್ಷಿಸಬಹುದು: ಒಂದು ಅಕ್ಷದ ಗಡಿ ಬದಲಿಸಿದಾಗ ನೋಡುವವರ ತೀರ್ಮಾನವೂ ಬದಲಾಗುವುದಾದರೆ, ಆ ತೀರ್ಮಾನ ಹುಟ್ಟಿದ್ದು ಗಡಿಯಿಂದ.

‘ಚಾರ್ಟ್ ಬಿಡಿ, ಲೆಕ್ಕದಲ್ಲೂ ಸಂಬಂಧ ಬರುತ್ತದಲ್ಲ’ ಎಂದು ಟೀಮಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬರುತ್ತದೆ ನಿಜ. ಎರಡು ಸಾಲುಗಳು ಎಷ್ಟು ಜೊತೆಯಾಗಿ ಸಾಗುತ್ತವೆ ಎಂದು ಹೇಳುವ `CORREL` ಅನ್ನು ನಿಮ್ಮ ಎಂಟು ತಿಂಗಳಿಗೆ ಹಾಕಿದರೆ 0.97 ಸಿಗುತ್ತದೆ, ಗರಿಷ್ಠವೇ 1. ಇದು ಎರಡನೆಯ ಬಲೆ, ಚಾರ್ಟಿಗಿಂತ ಹಳೆಯದು. ಕಾಲದೊಂದಿಗೆ ಒಂದೇ ದಿಕ್ಕಿಗೆ ಸಾಗುವ ಯಾವ ಎರಡು ಸಂಗತಿಗಳಿಗೂ ಇಂಥ ದೊಡ್ಡ ಅಂಕಿ ಬರುತ್ತದೆ. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ಇದನ್ನು ತೋರಿಸಿದ್ದರು. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ನಡೆದ ಮದುವೆಗಳ ಪಾಲಿಗೂ ಸಾವಿನ ಪ್ರಮಾಣಕ್ಕೂ 0.95 ಬಂದಿತ್ತು. ಎರಡೂ ಆ ಅವಧಿಯಲ್ಲಿ ಇಳಿಯುತ್ತಿದ್ದವು, ಅಷ್ಟೇ.

ಏರಿಕೆಯ ಈ ಸಾಮಾನ್ಯ ಓಟವನ್ನು ಕಳೆಯಲು, ಪ್ರತಿ ತಿಂಗಳು ಹಿಂದಿನ ತಿಂಗಳಿಗಿಂತ ಎಷ್ಟು ಹೆಚ್ಚಾಯಿತು ಎಂದು ನೋಡಬೇಕು. ನಿಮ್ಮ ಪಟ್ಟಿಯಲ್ಲಿ ಡಿಸ್ಕೌಂಟ್ ನಾಲ್ಕು ಲಕ್ಷ ಜಿಗಿದ ತಿಂಗಳು ಮೂರು. ಜೂನ್, ಆಗಸ್ಟ್, ಅಕ್ಟೋಬರ್. ಆ ತಿಂಗಳುಗಳಲ್ಲಿ ಆರ್ಡರ್ ಹೆಚ್ಚಿದ್ದು 300, 400, 200. ಒಂದೆರಡು ಲಕ್ಷವಷ್ಟೇ ಸೇರಿಸಿದ ಉಳಿದ ನಾಲ್ಕು ತಿಂಗಳಲ್ಲಿ ಹೆಚ್ಚಿದ್ದು 900, 800, 1,100, 1,000. ದುಡ್ಡು ಸುರಿದ ತಿಂಗಳುಗಳೇ ಸಪ್ಪೆ.

ಇದನ್ನು ನೋಡಿ ‘ಡಿಸ್ಕೌಂಟ್ ಪೂರಾ ದಂಡ’ ಎಂದು ಬರೆದು ಕಳಿಸಿಬಿಡಬೇಡಿ. ಅದೇ ಪಟ್ಟಿಯನ್ನು ಇನ್ನೊಮ್ಮೆ ಓದಿ: ದೊಡ್ಡ ಜಿಗಿತದ ಮುಂದಿನ ತಿಂಗಳು ಪ್ರತಿ ಸಲವೂ ಆರ್ಡರ್ ಚೆನ್ನಾಗಿ ಏರಿದೆ. ಜೂನ್ ಆದ ಮೇಲೆ 800, ಆಗಸ್ಟ್ ಆದ ಮೇಲೆ 1,100, ಅಕ್ಟೋಬರ್ ಆದ ಮೇಲೆ 1,000. ಈ ತಿಂಗಳ ಕೂಪನ್‌ಗೆ ಬಂದವರು ಮುಂದಿನ ತಿಂಗಳು ತಾವೇ ಮರಳಿ ಬಂದರು ಎಂದು ವಾದಿಸುವವರ ಬಾಯಿ ಈ ಅಂಕಿಗಳಿಂದ ಮುಚ್ಚಿಸಲಾಗದು. ಇತ್ತ ಸೆಪ್ಟೆಂಬರ್‌ನ 1,100 ಹೊಸ ಬಡಾವಣೆಗಳಿಂದ ಬಂದದ್ದು ಎನ್ನುವವರನ್ನೂ ತಡೆಯಲಾಗದು. ಏಳು ಏರಿಕೆಗಳಿಂದ ಇದಕ್ಕಿಂತ ಹೆಚ್ಚು ಹಿಂಡಲು ಆಗುವುದಿಲ್ಲ. ಒಂದನ್ನು ಮಾತ್ರ ಇವತ್ತೇ ಬಗೆಹರಿಸಬಹುದು: ಆರ್ಡರ್ ಕಾಲಂ ಅನ್ನು ಬಡಾವಣೆವಾರು ಒಡೆದು ಹೊಸ ಎರಡನ್ನು ತೆಗೆದು ನೋಡಿ. ಉಳಿದದ್ದರಲ್ಲಿ ಸೆಪ್ಟೆಂಬರ್ ಏರಿಕೆ ಕರಗಿಹೋದರೆ ಡಿಸ್ಕೌಂಟಿನ ಪರ ವಾದದ ಒಂದು ಕಾಲು ಮುರಿಯುತ್ತದೆ.

ಚಾರ್ಟಿನ ಬದಲು ಏನು ತೋರಿಸಬೇಕು ಎಂಬುದಕ್ಕೆ ಬರುತ್ತೇನೆ. ಬಜೆಟ್ ಬಗ್ಗೆ ನಿರ್ಧಾರ ಮಾಡುವವರಿಗೆ ನನ್ನ ಮೊದಲ ಆಯ್ಕೆ ಚಾರ್ಟೇ ಅಲ್ಲ, ಎರಡು ಅಂಕಿ. ಪ್ರತಿ ಆರ್ಡರಿಗೆ ಹೋದ ಡಿಸ್ಕೌಂಟ್ ಏಪ್ರಿಲ್‌ನಲ್ಲಿ 24 ರೂಪಾಯಿ ಇತ್ತು, ನವೆಂಬರ್‌ನಲ್ಲಿ 61 ರೂಪಾಯಿ. ಏಪ್ರಿಲ್‌ಗಿಂತ ನವೆಂಬರ್‌ನಲ್ಲಿ 18 ಲಕ್ಷ ಹೆಚ್ಚು ಕೊಟ್ಟು 4,700 ಆರ್ಡರ್ ಹೆಚ್ಚು ಪಡೆದಿದ್ದೀರಿ. ಅಂದರೆ ಹೆಚ್ಚುವರಿ ಆರ್ಡರ್ ಒಂದಕ್ಕೆ 383 ರೂಪಾಯಿ. ಅಕೌಂಟ್ಸ್‌ನವರಿಂದ ಇನ್ನೊಂದು ಅಂಕಿ ಕೇಳಿ ತನ್ನಿ: ಸಾಮಾನಿನ ಖರೀದಿ ಬೆಲೆ, ಪ್ಯಾಕಿಂಗ್, ಡೆಲಿವರಿ ಹುಡುಗರ ಖರ್ಚು ಕಳೆದ ಮೇಲೆ, ಡಿಸ್ಕೌಂಟ್ ಕಳೆಯುವ ಮೊದಲು, ಒಂದು ಆರ್ಡರ್‌ನಲ್ಲಿ ಉಳಿಯುವುದೆಷ್ಟು? ಅದು 383ಕ್ಕಿಂತ ತೀರಾ ಕಡಿಮೆಯಿದ್ದರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ. ಈ 383ಕ್ಕೂ ಒಂದು ಮಿತಿಯಿದೆ. ಅದು 4,700 ಆರ್ಡರನ್ನೂ ಡಿಸ್ಕೌಂಟಿನ ಖಾತೆಗೆ ಹಾಕುತ್ತದೆ. ಹೊಸ ಬಡಾವಣೆಗಳ ಪಾಲನ್ನು ಕಳೆದರೆ ನಿಜವಾದ ವೆಚ್ಚ ಇನ್ನೂ ಹೆಚ್ಚು. ಡಿಸ್ಕೌಂಟ್ ಇಲ್ಲದಿದ್ದರೆ ಗಿರಾಕಿಗಳು ಬೇರೆ ಆ್ಯಪ್‌ಗೆ ಹೋಗಿ ಆರ್ಡರ್ ಇಳಿಯುತ್ತಿತ್ತು ಎಂದಾದರೆ ಕಡಿಮೆ. ಈ ಮಾತನ್ನು ಅಂಕಿಯ ಕೆಳಗೇ ಬರೆದುಬಿಡಿ.

ಚಾರ್ಟ್ ಬೇಕೇ ಬೇಕು ಎಂದರೆ ಎರಡನ್ನೂ ಏಪ್ರಿಲ್ = 100 ಎಂದಿಟ್ಟುಕೊಂಡು ಒಂದೇ ಅಕ್ಷದ ಮೇಲೆ ಬರೆಯಿರಿ:

```
=B2/B$2*100
=C2/C$2*100
```

ನವೆಂಬರ್‌ಗೆ ಬರುವಷ್ಟರಲ್ಲಿ ಡಿಸ್ಕೌಂಟ್ 280, ಆರ್ಡರ್ 111. ವಿವರಣೆಯೇ ಬೇಕಾಗುವುದಿಲ್ಲ. ಇದರಲ್ಲೂ ಒಂದು ಕೈಚಳಕಕ್ಕೆ ಜಾಗವಿದೆ, ಅದು 100 ಎಂದು ಹಿಡಿಯುವ ತಿಂಗಳು. ದೀಪಾವಳಿಯ ತಿಂಗಳನ್ನೋ, ಗೋದಾಮು ಮುಚ್ಚಿದ್ದ ನಿಮ್ಮ ಡಿಸೆಂಬರನ್ನೋ ಬುಡ ಮಾಡಿಕೊಂಡರೆ ಆಮೇಲಿನ ಎಲ್ಲ ತಿಂಗಳೂ ವಿನಾಕಾರಣ ಕುಗ್ಗಿದಂತೆ ಅಥವಾ ಹಿಗ್ಗಿದಂತೆ ಕಾಣುತ್ತವೆ. ಮಾಮೂಲಿ ತಿಂಗಳೊಂದನ್ನು ಆರಿಸಿ, ಇಲ್ಲವೇ ಮೊದಲ ಮೂರು ತಿಂಗಳ ಸರಾಸರಿಯನ್ನು 100 ಮಾಡಿ. ರೂಪಾಯಿಯನ್ನೂ ಆರ್ಡರ್ ಸಂಖ್ಯೆಯನ್ನೂ ಹಾಗೆಯೇ ತೋರಿಸಬೇಕಾದಲ್ಲಿ ಎರಡು ಚಾರ್ಟ್ ಒಂದರ ಕೆಳಗೊಂದು ಇಡಿ. ತಿಂಗಳುಗಳು ನೇರ ಸಾಲಿನಲ್ಲಿ ಬರಲಿ, ಎರಡರಲ್ಲೂ `Minimum` ಜಾಗದಲ್ಲಿ 0 ಎಂದು ಕೈಯಾರೆ ಬರೆಯಿರಿ. ಸೊನ್ನೆ ಬಿಟ್ಟು 38,000ದಂಥ ಅಂಕಿಯನ್ನು ಅಲ್ಲಿ ಗಟ್ಟಿ ಮಾಡಿಟ್ಟರೆ ಇನ್ನೊಂದು ತಾಪತ್ರಯ: 37,900ದ ಡಿಸೆಂಬರ್ ಬಿಂದು ಚಾರ್ಟಿನ ಕೆಳಗೆ ಬಿದ್ದುಹೋಗುತ್ತದೆ, ಎಕ್ಸೆಲ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಡಿಸ್ಕೌಂಟ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಉತ್ತರ ಬೇಕಾದರೆ ಕೆಲವು ಗಿರಾಕಿಗಳಿಗೆ ಅದನ್ನು ಕೊಡದೆ ನೋಡಲೇಬೇಕು. ಹತ್ತರಲ್ಲಿ ಒಬ್ಬರನ್ನು ಬದಿಗಿಡುವುದು ಸಾಮಾನ್ಯ ಪದ್ಧತಿ. ಗಿರಾಕಿ ನಂಬರ್‌ಗಳನ್ನು ಸಾಲಾಗಿ ಕೊಟ್ಟಿದ್ದರೆ ಕೊನೆಯ ಅಂಕಿ 7 ಇರುವವರು ಎಂದು ತೆಗೆದುಕೊಂಡರೂ ನಡೆಯುತ್ತದೆ. ಅವಧಿ ಕನಿಷ್ಠ ಒಂದು ಪೂರ್ತಿ ತಿಂಗಳು ಇರಲಿ. ದಿನಸಿ ವ್ಯಾಪಾರದಲ್ಲಿ ಸಂಬಳ ಬಂದ ವಾರಕ್ಕೂ ತಿಂಗಳ ಕೊನೆಗೂ ಅಜಗಜಾಂತರ, ಎರಡು ವಾರದ ಪರೀಕ್ಷೆಯನ್ನು ನಂಬುವಂತಿಲ್ಲ. ಹಿಂದಿನ ಪಟ್ಟಿಯಲ್ಲಿ ಕಂಡ ‘ಮುಂದಿನ ತಿಂಗಳ ಏರಿಕೆ’ ನಿಜವೇ ಎಂದು ತಿಳಿಯಬೇಕಾದರೆ ಎರಡು ತಿಂಗಳು. ಕೊನೆಗೆ ಒಟ್ಟು ಆರ್ಡರನ್ನು ಹೋಲಿಸಬೇಡಿ, ಎರಡೂ ಗುಂಪಿನಲ್ಲಿ ತಲಾ ಗಿರಾಕಿಗೆ ಎಷ್ಟು ಆರ್ಡರ್ ಎಂದು ಹೋಲಿಸಿ. ಒಂದೂ ಆರ್ಡರ್ ಕೊಡದವರನ್ನೂ ಭಾಗಿಸುವಾಗ ಎಣಿಸಬೇಕು. ಅವರನ್ನು ಬಿಟ್ಟರೆ ಡಿಸ್ಕೌಂಟಿನ ಮುಖ್ಯ ಪರಿಣಾಮವೇ ಲೆಕ್ಕದಿಂದ ಜಾರಿಹೋಗುತ್ತದೆ.

ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಕೂಪನ್ ಕೋಡ್ ಕೈ ಬದಲಾಯಿಸುವುದರಿಂದ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೋಡ್ ಹಾಕಿದರೆ ಮುಗಿಯಿತು. ಕೋಡ್ ಬಿಟ್ಟು ಖಾತೆಗೇ ನೇರವಾಗಿ ಡಿಸ್ಕೌಂಟ್ ಜೋಡಿಸಿ. ಬದಿಗಿಟ್ಟವರಲ್ಲಿ ಕೆಲವರು ‘ಪಕ್ಕದ ಮನೆಯವರಿಗೆ ಇದೆ, ನಮಗೇಕಿಲ್ಲ’ ಎಂದು ಫೋನ್ ಮಾಡುತ್ತಾರೆ. ಕಸ್ಟಮರ್ ಕೇರ್‌ನವರು ಸಮಾಧಾನಕ್ಕೆಂದು ಕೊಟ್ಟರೆ ಕೊಡಲಿ. ಆದರೆ ಅವರ ಹೆಸರನ್ನು ಗುಂಪಿನಿಂದ ತೆಗೆಯಬೇಡಿ, ಮೊದಲು ಯಾವ ಗುಂಪಿಗೆ ಬಿದ್ದಿದ್ದರೋ ಅಲ್ಲಿಯೇ ಎಣಿಸಿ.

ಟೀಮಿಗೆ ಹೇಳುವ ವಿಷಯ. ಮುಂದಿನ ತಿಂಗಳ ಮೀಟಿಂಗ್‌ವರೆಗೆ ಕಾಯುವುದು ಬೇಡ, ಜನವರಿಯ ಬಜೆಟ್ ಅಷ್ಟರಲ್ಲಿ ಹೋಗಿರುತ್ತದೆ. ಒಂದು ಪುಟ ಸಾಕು. ಮೇಲ್ಗಡೆ ಹಳೆಯ ಚಾರ್ಟ್, ಅದರ ಪಕ್ಕದಲ್ಲಿ ಅದೇ ಎಂಟು ತಿಂಗಳ ಅಂಕಿಗಳನ್ನು 100ರ ಲೆಕ್ಕದಲ್ಲಿ ಬರೆದ ಚಾರ್ಟ್. ಡಿಸೆಂಬರನ್ನು ಈ ಹೋಲಿಕೆಯಲ್ಲಿ ಸೇರಿಸಬೇಡಿ, ಇಲ್ಲವಾದರೆ ಚರ್ಚೆ ಗೋದಾಮಿನ ಕಡೆಗೆ ಹೊರಳುತ್ತದೆ. ಕೆಳಗೆ ಹೀಗೆ ಬರೆಯಬಹುದು: ‘ಅಂಕಿಗಳು ಮೊದಲೂ ಸರಿಯಿದ್ದವು, ಈಗಲೂ ಸರಿಯಿವೆ. ಬಲ ಅಕ್ಷ 38,000ದಿಂದ ಶುರುವಾಗಿದ್ದರಿಂದ 11% ಏರಿಕೆ 180% ಏರಿಕೆಯಷ್ಟೇ ಕಡಿದಾಗಿ ಕಂಡಿತು. ಆಗಸ್ಟ್ ಮತ್ತು ಅಕ್ಟೋಬರ್‌ನ ಬಜೆಟ್ ನಿರ್ಧಾರಗಳು ಈ ಚಾರ್ಟ್ ಆಧರಿಸಿದ್ದವು.’ ಆ ನಿರ್ಧಾರಗಳು ತಪ್ಪು ಎಂದು ಬರೆಯಬೇಡಿ, ಅದಕ್ಕೆ ನಿಮ್ಮ ಬಳಿ ಇನ್ನೂ ಪುರಾವೆಯಿಲ್ಲ. ಕೊನೆಯಲ್ಲಿ ಮೂರು ದಾರಿಗಳನ್ನು ಇಡಿ. ಈಗಿನ ಮಟ್ಟದಲ್ಲೇ ಮುಂದುವರಿದು ಪರೀಕ್ಷೆ ಮಾಡುವುದು, 18 ಲಕ್ಷಕ್ಕೆ ಇಳಿಸಿ ಪರೀಕ್ಷೆ ಮಾಡುವುದು, ಏನೂ ಮಾಡದಿರುವುದು. ಒಮ್ಮೆಗೇ ನಿಲ್ಲಿಸುವುದನ್ನು ನಾನಾದರೆ ಸೂಚಿಸುವುದಿಲ್ಲ. ಗೋದಾಮಿನ ಗಲಾಟೆಯಿಂದ ಗಿರಾಕಿಗಳು ಈಗಾಗಲೇ ಅಲುಗಾಡಿದ್ದಾರೆ. ಡಿಸ್ಕೌಂಟನ್ನೂ ಈಗಲೇ ತೆಗೆದರೆ ಆರ್ಡರ್ ಇಳಿದದ್ದಕ್ಕೆ ಕಾರಣ ಯಾವುದು ಎಂದು ಯಾರಿಗೂ ಗೊತ್ತಾಗದು. ಹಳೆಯ ಸ್ಲೈಡ್‌ಗಳನ್ನು ಅಳಿಸಬೇಡಿ, ಪ್ರತಿಯೊಂದರ ಮೇಲೂ ‘ಅಕ್ಷ ಸೊನ್ನೆಯಿಂದ ಶುರುವಾಗಿಲ್ಲ, ತಿದ್ದಿದ ಪುಟ ನೋಡಿ’ ಎಂದು ಒಂದು ಸಾಲು ಸೇರಿಸಿ.

ಎರಡು ಅಕ್ಷದ ಚಾರ್ಟನ್ನು ಆಫೀಸಿನಿಂದಲೇ ಗಡಿಪಾರು ಮಾಡಬೇಕಿಲ್ಲ. ಎರಡು ಅಕ್ಷಗಳ ನಡುವೆ ಮೊದಲೇ ಗೊತ್ತಾದ ನಂಟು ಇದ್ದರೆ ಅದು ನಿರಪಾಯಕಾರಿ. ಸೆಲ್ಸಿಯಸ್ ಒಂದು ಬದಿಗೆ, ಫ್ಯಾರನ್‌ಹೀಟ್ ಇನ್ನೊಂದು ಬದಿಗೆ ಇದ್ದರೆ ಅದು ಒಂದೇ ಅಳತೆಯ ಎರಡು ಹೆಸರು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬರೆಯಲು ಬಳಸುವ `ggplot2` ಈ ನಿಯಮವನ್ನೇ ಕಟ್ಟುನಿಟ್ಟು ಮಾಡಿದೆ. ಅಲ್ಲಿ ಎರಡನೆಯ ಅಕ್ಷ ಮೊದಲನೆಯದರ ರೂಪಾಂತರವಾಗಿ ಮಾತ್ರ ಬರಬಹುದು, ಸ್ವತಂತ್ರವಾಗಿ ನಿಲ್ಲುವಂತಿಲ್ಲ. ಅಲ್ಲಿಯೂ ಸುತ್ತುಬಳಸಿ ನಿಮ್ಮ ಹಳೆಯ ಚಾರ್ಟನ್ನು ಬರೆಯಬಹುದು, ಆದರೆ ಯಾವ ಅಂಕಿಯಿಂದ ಗುಣಿಸಿ ಎಷ್ಟು ಕಳೆದಿರಿ ಎಂಬುದು ಕೋಡಿನಲ್ಲಿ ಎದ್ದು ಕಾಣುತ್ತದೆ. ನಿಮ್ಮಲ್ಲಿ ಬಳಕೆಗೆ ಬರಬಹುದಾದ ಇನ್ನೊಂದು ಬಗೆ ಪರೇಟೊ ಚಾರ್ಟ್. ಯಾವ ಕಾರಣಕ್ಕೆ ಎಷ್ಟು ಆರ್ಡರ್ ವಾಪಸ್ ಬಂದಿವೆ ಎಂಬ ಕಂಬಗಳು ಎಡ ಅಕ್ಷದಲ್ಲಿ, ಒಟ್ಟುಗೂಡುತ್ತ ಹೋಗುವ ಶೇಕಡಾವಾರು ಗೆರೆ ಬಲ ಅಕ್ಷದಲ್ಲಿ. ಬಲದ 100% ಎಡದ ಒಟ್ಟು ಸಂಖ್ಯೆಗೆ ನೇರವಾಗಿ ಎದುರು ನಿಂತಿರಬೇಕು. ಕೈಯಾರೆ ಕಟ್ಟಿದ ಚಾರ್ಟ್‌ಗಳಲ್ಲಿ ಎಡ ಅಕ್ಷ ಅತಿ ಎತ್ತರದ ಕಂಬದ ಹತ್ತಿರವೇ ಮುಗಿದುಬಿಡುವುದುಂಟು. ಒಟ್ಟು 640 ವಾಪಸ್ ಬಂದಿದ್ದರೆ ಎಡ ಅಕ್ಷದ `Maximum` ಜಾಗದಲ್ಲಿ 640, ಬಲ ಅಕ್ಷದಲ್ಲಿ 1 (ಅಂದರೆ 100%) ಎಂದು ನೀವೇ ಬರೆದು, ಪ್ರತಿ ತಿಂಗಳು ಅಂಕಿ ಬದಲಾದಾಗ ಇದನ್ನೂ ಬದಲಿಸಿ.